ತೋಟದ ಕ್ರಯಪತ್ರಕ್ಕೆ ಸಹಿ ಹಾಕುವ ಮುನ್ನ: ಅಂಕಿ, ದಿನಾಂಕ, ಹೆಸರು ತಾಳೆ ನೋಡುವ ಕ್ರಮ

"ನಾಳಿದ್ದು ನೋಂದಣಿ. ಕರಡು ಈಗಷ್ಟೇ ಕೈಗೆ ಬಂತು. ಒಮ್ಮೆ ಓದಿದೆ, ಎಲ್ಲ ಸರಿಯಾಗಿಯೇ ಇದ್ದಂತಿದೆ. ಇನ್ನೇನು ನೋಡಬೇಕು?" ಶಿರಸಿ, ಸಿದ್ದಾಪುರ, ಯಲ್ಲಾಪುರದ ಓದುಗರಿಂದ ಈ ಪ್ರಶ್ನೆ ಪದೇ ಪದೇ ಬರುತ್ತಿದೆ. ಕೇಳುವವರಲ್ಲಿ ಹೆಚ್ಚಿನವರು ಅಡಿಕೆ ತೋಟ ಕೊಳ್ಳುವವರು, ಇಲ್ಲವೇ ಪಾಲಿಗೆ ಬಂದ ತೋಟ ಮಾರಲು ಬೆಂಗಳೂರು, ಮುಂಬಯಿಯಿಂದ ಎರಡು ದಿನ ರಜೆ ಹಾಕಿ ಬಂದವರು. ಆದ್ದರಿಂದ ಈ ಬರಹವನ್ನು ತೋಟದ ಕ್ರಯಪತ್ರವೊಂದಕ್ಕೇ ಸೀಮಿತಗೊಳಿಸಿದ್ದೇನೆ.

ಓದಿದಾಗ ಸರಿಯಾಗಿ ಇದ್ದಂತೆ ಕಾಣುವುದೇ ಇಲ್ಲಿನ ತೊಡಕು. ಕ್ರಯಪತ್ರವನ್ನು ಯಾರೂ ಮೊದಲಿನಿಂದ ಬರೆಯುವುದಿಲ್ಲ. ಹಿಂದೆ ಬೇರೆ ಯಾರಿಗೋ ಮಾಡಿಕೊಟ್ಟ ಪತ್ರವನ್ನು ತೆರೆದು, ಹೆಸರು ಮತ್ತು ಅಂಕಿಗಳನ್ನು ಬದಲಿಸಿ ಹೊಸದನ್ನು ಸಿದ್ಧಪಡಿಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ವಾಕ್ಯಗಳು ಹಲವು ಬಾರಿ ಪಳಗಿ ನಯವಾಗಿರುತ್ತವೆ. ಆದರೆ 47 ಎಂಬಲ್ಲಿ 74 ಎಂದಿದ್ದರೆ ವಾಕ್ಯ ಎಲ್ಲಿಯೂ ಮುಗ್ಗರಿಸುವುದಿಲ್ಲ, ಕಣ್ಣು ಜಾರಿಕೊಂಡು ಮುಂದೆ ಹೋಗುತ್ತದೆ. ಓದುವುದರಿಂದ ಇಂಥ ತಪ್ಪು ಸಿಗುವುದಿಲ್ಲ, ಮೂಲ ಕಾಗದದ ಜೊತೆ ತಾಳೆ ನೋಡಿದರೆ ಸಿಗುತ್ತದೆ.

ವಿವರಣೆಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಶಿರಸಿ ತಾಲ್ಲೂಕಿನ ಒಂದು ತೋಟ. ಸರ್ವೆ ನಂಬರ್ 47ರ ಎರಡು ಹಿಸ್ಸೆಗಳು: ಹಿಸ್ಸೆ 2ರಲ್ಲಿ 1 ಎಕರೆ 25 ಗುಂಟೆ, ಹಿಸ್ಸೆ 5ರಲ್ಲಿ 30 ಗುಂಟೆ. ಎಕರೆಗೆ 20 ಲಕ್ಷ ರೂಪಾಯಿಯಂತೆ ಮಾತಾಗಿದೆ. ಇವೆಲ್ಲ ಲೆಕ್ಕ ತೋರಿಸಲು ನಾನು ಇಟ್ಟುಕೊಂಡ ಅಂಕಿಗಳು.

1. ಮೂಲ ಕಾಗದಗಳನ್ನು ಒಟ್ಟುಮಾಡಿ, ಜೊತೆಗೊಬ್ಬರನ್ನು ಕೂರಿಸಿಕೊಳ್ಳಿ

ಈಚೆಗೆ ತೆಗೆದ ಪಹಣಿ, ಋಣಭಾರ ಪ್ರಮಾಣಪತ್ರ (ಜಮೀನಿನ ಮೇಲೆ ಹಿಂದೆ ನೋಂದಣಿಯಾದ ವ್ಯವಹಾರಗಳ ಪಟ್ಟಿ, ಜನ ಇ.ಸಿ. ಎನ್ನುತ್ತಾರೆ), ಮಾರುವವರಿಗೆ ಜಮೀನು ಬಂದ ಬಗೆ ತೋರಿಸುವ ಮೂಲಪತ್ರ, ನೀವು ಮಾಡಿಕೊಂಡ ಕರಾರು, ಹಣ ಸಂದಾಯದ ಬ್ಯಾಂಕ್ ವಿವರ, ಎಲ್ಲರ ಆಧಾರ್ ಮತ್ತು ಪ್ಯಾನ್ ಬೇಕು. ಹಿಸ್ಸೆಯ ಒಂದು ಭಾಗವನ್ನಷ್ಟೇ ಮಾರುವುದಾದರೆ 11ಇ ನಕ್ಷೆಯೂ ಬೇಕು. ಮಾರುವ ತುಂಡನ್ನು ಅಳೆದು ಭೂಮಾಪನ ಇಲಾಖೆ ಕೊಡುವ ನಕ್ಷೆ ಅದು.

ಕರಡನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಿ. ಮೊಬೈಲ್ ಪರದೆಯಲ್ಲಿ ಒಂದು ಪುಟದ ಅಂಕಿಯನ್ನು ಇನ್ನೊಂದು ಪುಟದ ಅಂಕಿಗೆ ಹೋಲಿಸಲು ಆಗುವುದಿಲ್ಲ.

ಇಬ್ಬರಿದ್ದರೆ ಕೆಲಸ ನೆಟ್ಟಗಾಗುತ್ತದೆ. ಒಬ್ಬರು ಮೂಲ ಕಾಗದವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕರಡಿನಲ್ಲಿ ಆ ಅಂಕಿಯನ್ನು ಹುಡುಕಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಬೇಕು. ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಿ: "ನಲವತ್ತೇಳು" ಬೇಡ, "ನಾಲ್ಕು, ಏಳು" ಎನ್ನಿ. ಓದುವ ದಿಕ್ಕು ಯಾವಾಗಲೂ ಮೂಲದಿಂದ ಕರಡಿನ ಕಡೆಗಿರಲಿ. ಕರಡನ್ನು ಓದಿ ಮೂಲದಲ್ಲಿ ಹುಡುಕಿದರೆ, ಕರಡಿನಲ್ಲಿ ಬಿಟ್ಟೇಹೋದ ಸಂಗತಿ ಎಂದೂ ಕಣ್ಣಿಗೆ ಬೀಳುವುದಿಲ್ಲ. ಎರಡನೇ ಹಿಸ್ಸೆಯ ಸಾಲೇ ಮಾಯವಾಗಿರುವ ಕರಡು ಓದಲಿಕ್ಕೆ ಎಷ್ಟೊಂದು ಅಚ್ಚುಕಟ್ಟು!

2. ಷೆಡ್ಯೂಲ್‌ನಿಂದ ಆರಂಭಿಸಿ

ಷೆಡ್ಯೂಲ್ ಎಂದರೆ ಪತ್ರದ ಕೊನೆಯಲ್ಲಿ ಬರುವ ಸ್ವತ್ತಿನ ವಿವರ. ಎಲ್ಲರೂ ಮೊದಲ ಪುಟವನ್ನು ಮೈಯೆಲ್ಲ ಕಣ್ಣಾಗಿ ಓದಿ, ಷೆಡ್ಯೂಲ್ ತಲುಪುವ ಹೊತ್ತಿಗೆ ದಣಿದಿರುತ್ತಾರೆ. ನೀವು ಮಾರಿದ್ದು ಅಥವಾ ಕೊಂಡದ್ದು ಏನು ಎಂಬುದು ಇರುವುದೇ ಅಲ್ಲಿ. ಸ್ವತ್ತನ್ನು ಗುರುತಿಸಲು ಸಾಕಾಗುವಷ್ಟು ವಿವರ ಇರದಿದ್ದರೆ ಪತ್ರವನ್ನು ನೋಂದಣಿಗೆ ಸ್ವೀಕರಿಸುವಂತಿಲ್ಲ ಎಂದು 1908ರ ನೋಂದಣಿ ಕಾಯ್ದೆಯ 21ನೇ ಕಲಂ ಹೇಳುತ್ತದೆ. ಆದರೆ ವಿವರ ಇದ್ದು, ಅದು ಪಕ್ಕದ ತೋಟದ್ದಾಗಿದ್ದರೆ ಕಾಯ್ದೆ ನಿಮ್ಮನ್ನು ಕಾಯುವುದಿಲ್ಲ.

ಮೊದಲು ಸರ್ವೆ ನಂಬರ್. ಪಹಣಿಯಲ್ಲಿ ಇದು 47/*/2 ಎಂಬ ರೂಪದಲ್ಲಿರುತ್ತದೆ. ನಡುವಿನ ನಕ್ಷತ್ರ ಚಿಹ್ನೆ ಕಂಡು ಹಲವರು ಗಾಬರಿಯಾಗುತ್ತಾರೆ. ಸರ್ವೆ ನಂಬರಿಗೆ ಪ್ರತ್ಯೇಕ ಉಪಗುರುತು ಇಲ್ಲದಿದ್ದಾಗ ಆ ಜಾಗದಲ್ಲಿ ಅದು ಬರುತ್ತದೆ, ಅಷ್ಟೆ. ಹಿಸ್ಸೆಯ ಮುಂದೆ ಅಕ್ಷರವೇನಾದರೂ ಇದೆಯೇ ಎಂಬುದನ್ನು ನೋಡಿ. 2 ಬೇರೆ, 2ಅ ಬೇರೆ. ಹಳೆಯ ಕೈಬರಹದ ಪತ್ರದಿಂದ ನಕಲಿಸಿದ್ದಾದರೆ ಕನ್ನಡ ಅಂಕಿಗಳ ಬಗ್ಗೆ ಎಚ್ಚರ ಬೇಕು. ಮಾಸಿದ ನೆರಳಚ್ಚಿನಲ್ಲಿ ೬ ಮತ್ತು ೯ ಒಂದೇ ತರಹ ಕಾಣುತ್ತವೆ. ೧ರ ಬಾಯಿ ಮುಚ್ಚಿಕೊಂಡು ಸೊನ್ನೆಯಾಗುತ್ತದೆ. ಅನುಮಾನ ಬಂದರೆ ಊಹಿಸಬೇಡಿ, ದೃಢೀಕೃತ ನಕಲು ತೆಗೆಸಿ.

ಆಮೇಲೆ ಕ್ಷೇತ್ರ. ನಾನು ಅತಿ ಹೆಚ್ಚು ಹೆದರುವುದು ಇದಕ್ಕೆ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ ಎಂಬುದು ತೋಟದವರಿಗೆಲ್ಲ ಗೊತ್ತು, ಕ್ಯಾಲ್ಕ್ಯುಲೇಟರ್‌ಗೆ ಗೊತ್ತಿಲ್ಲ. ನಮ್ಮ ಉದಾಹರಣೆಯಲ್ಲಿ 1-25ಕ್ಕೆ 0-30 ಕೂಡಿಸಬೇಕು. 25 ಮತ್ತು 30 ಸೇರಿ 55 ಗುಂಟೆ, ಅಂದರೆ 1 ಎಕರೆ 15 ಗುಂಟೆ. ಒಟ್ಟು 2 ಎಕರೆ 15 ಗುಂಟೆ. ಅವಸರದಲ್ಲಿ 1.25 ಮತ್ತು 0.30 ಎಂದು ಒತ್ತಿದವರಿಗೆ ಬರುವುದು 1.55. ಇದನ್ನು ಹಿಡಿಯುವುದು ಸುಲಭ: ಗುಂಟೆಯ ಜಾಗದಲ್ಲಿ 40 ಅಥವಾ ಹೆಚ್ಚು, ಆಣೆಯ ಜಾಗದಲ್ಲಿ 16 ಅಥವಾ ಹೆಚ್ಚು ಕಂಡರೆ ಅದು ಖಂಡಿತ ತಪ್ಪು.

ಹಿಡಿಯಲು ಕಷ್ಟವಾದದ್ದು ಇನ್ನೊಂದಿದೆ. ಕ್ಷೇತ್ರ ಸರಿಯಾಗಿ 2-15 ಬಂದಿದೆ, ಆದರೆ ಕರಡಿನಲ್ಲಿ ಅದು "2.15 ಎಕರೆ" ಎಂದಾಗಿದೆ. ಮುಂದೆ ಯಾರೋ ಅದನ್ನೇ 20 ಲಕ್ಷದಿಂದ ಗುಣಿಸುತ್ತಾರೆ, 43 ಲಕ್ಷ ಬರುತ್ತದೆ. ನಿಜವಾದ ಲೆಕ್ಕ ಹೀಗೆ: 2 ಎಕರೆ 15 ಗುಂಟೆ ಎಂದರೆ 95 ಗುಂಟೆ, ಎಕರೆಗೆ 20 ಲಕ್ಷವಾದರೆ ಗುಂಟೆಗೆ 50,000, ಒಟ್ಟು 47,50,000 ರೂಪಾಯಿ. ಒಂದು ಚುಕ್ಕೆಯಿಂದ ನಾಲ್ಕೂವರೆ ಲಕ್ಷ ಎತ್ತಲೋ ಹೋಯಿತು. ಆದ್ದರಿಂದ ಕ್ಷೇತ್ರವನ್ನು ಅಂಕಿಯಲ್ಲಿ 2-15-0 ಎಂದೂ, ಪಕ್ಕದಲ್ಲಿ "ಎರಡು ಎಕರೆ ಹದಿನೈದು ಗುಂಟೆ" ಎಂದು ಅಕ್ಷರದಲ್ಲೂ ಬರೆಸಿ. ಚದರ ಮೀಟರ್ ಕೊಟ್ಟಿದ್ದರೆ ಅದೂ ಹೊಂದಬೇಕು. ಗುಂಟೆಗೆ 101.17 ಚದರ ಮೀಟರಿನಂತೆ 95 ಗುಂಟೆಗೆ ಸುಮಾರು 9,611 ಚದರ ಮೀಟರ್.

ಪಹಣಿಯಲ್ಲಿ ಒಟ್ಟು ಕ್ಷೇತ್ರದಿಂದ ಖರಾಬು ಕಳೆದು ಉಳಿಕೆ ತೋರಿಸಿರುತ್ತಾರೆ. 'ಅ' ಖರಾಬು ಎಂದರೆ ಸಾಗುವಳಿಗೆ ಬಾರದ ಜಾಗ, 'ಬ' ಖರಾಬು ಎಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಯ ಜಾಗ. ಷೆಡ್ಯೂಲ್‌ನಲ್ಲಿ ಬರೆದದ್ದು ಒಟ್ಟೋ ಉಳಿಕೆಯೋ, ಹಣ ಲೆಕ್ಕ ಹಾಕಿದ್ದು ಯಾವುದರ ಮೇಲೆ, ಎರಡೂ ಒಂದೇ ಆಗಿದೆಯೇ ನೋಡಿ. 'ಬ' ಖರಾಬನ್ನು ಮಾರಲು ಮಾರುವವರಿಗೆ ಹಕ್ಕಿಲ್ಲ.

ಕೊನೆಗೆ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ. ಮೂಲಪತ್ರದಿಂದ ಹಾಗೇ ಎತ್ತಿಕೊಂಡರೆ ಮೂವತ್ತು ವರ್ಷಗಳ ಹಿಂದಿನ ನೆರೆಯವರ ಹೆಸರು ಬಂದು ಕೂರುತ್ತದೆ. ಆ ತೋಟ ಈಗ ಮಕ್ಕಳ ಪಾಲಾಗಿರಬಹುದು, ಮಾರಾಟವಾಗಿರಬಹುದು. ಗಡಿಯಲ್ಲಿ ನೆರೆಯವರ ಹೆಸರಿನ ಜೊತೆ ಆ ಜಮೀನಿನ ಸರ್ವೆ ನಂಬರನ್ನೂ ಬರೆಸಿ; ಜನ ಬದಲಾದರೂ ನಂಬರ್ ಉಳಿಯುತ್ತದೆ. ದಿಕ್ಕು ಅದಲುಬದಲಾಗಿಲ್ಲವೇ ಎಂದು ತಿಳಿಯಲು ನಕ್ಷೆಯನ್ನು ಕೈಯಲ್ಲಿ ಹಿಡಿದು ತೋಟದಲ್ಲೇ ಒಮ್ಮೆ ನಿಲ್ಲುವುದು ಉತ್ತಮ. ಎರಡು ಹಿಸ್ಸೆ ಇದ್ದರೆ ಎರಡಕ್ಕೂ ಬೇರೆ ಬೇರೆ ಚಕ್ಕುಬಂದಿ ಬೇಕು.

ಊರಿನ ಹೆಸರಿನಲ್ಲಿಯೂ ಒಂದು ತೊಡಕು. ಘಟ್ಟದ ಮೇಲೆ ನಾವು ಮಾತಿನಲ್ಲಿ ಹೇಳುವುದು ಮಜರೆಯ ಹೆಸರು. ದಾಖಲೆಯ ಗ್ರಾಮ ಬೇರೆಯೇ ಇರುತ್ತದೆ. ಆಧಾರ್ ವಿಳಾಸದಲ್ಲಿರುವ ಊರನ್ನು ಷೆಡ್ಯೂಲ್‌ಗೆ ಹಾಕಿಬಿಡುವುದುಂಟು. ಗ್ರಾಮ, ಹೋಬಳಿ ಎರಡನ್ನೂ ಪಹಣಿಯ ತಲೆಬರಹ ನೋಡಿಯೇ ತುಂಬಬೇಕು.

3. ಹಣದ ಅಂಕಿಗಳನ್ನೆಲ್ಲ ಸುತ್ತು ಹಾಕಿ

ಮಾರಾಟದ ಮೊತ್ತ ಪತ್ರದಲ್ಲಿ ಒಂದೇ ಕಡೆ ಇರುವುದಿಲ್ಲ. ಬೆಲೆ ಹೇಳುವಲ್ಲಿ, ಹಣ ಮುಟ್ಟಿದ ವಿವರದಲ್ಲಿ, ಷೆಡ್ಯೂಲ್‌ನ ಅಡಿಯಲ್ಲಿ ಹೀಗೆ ಮತ್ತೆ ಮತ್ತೆ ಬರುತ್ತದೆ. ಕಂಡಲ್ಲೆಲ್ಲ ಸುತ್ತು ಹಾಕಿ, ಆಮೇಲೆ ಸುತ್ತುಗಳನ್ನಷ್ಟೇ ನೋಡುತ್ತಾ ಹೋಗಿ. ಅಂಕಿ ಮತ್ತು ಅಕ್ಷರ ಎರಡನ್ನೂ ಓದಿ. ಅಂಕಿಯನ್ನು ತಿದ್ದಿದವರು ಆವರಣದೊಳಗಿನ ಅಕ್ಷರವನ್ನು ಮರೆಯುವುದು ಈ ಕಸುಬಿನಲ್ಲಿ ತೀರಾ ಮಾಮೂಲು.

ಕಂತುಗಳನ್ನು ಕೂಡಿಸಿ ನೋಡಿ. ನಮ್ಮ ಉದಾಹರಣೆಯಲ್ಲಿ ಮುಂಗಡ 5,00,000, ನಂತರದ ಕಂತು 20,00,000, ನೋಂದಣಿಯ ದಿನ 22,50,000 ಸೇರಿ 47,50,000 ಆಗಬೇಕು. ಬ್ಯಾಂಕ್ ವಿವರಗಳಿಗೆ ಅಂಕಿಗಳ ಎಣಿಕೆಯೇ ಒಳ್ಳೆಯ ಜರಡಿ. ಚೆಕ್ ನಂಬರ್ 6 ಅಂಕಿ. ಐಎಫ್ಎಸ್‌ಸಿ ಸಂಕೇತ 11 ಸ್ಥಾನ, ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷಿನ ಓ ಅಕ್ಷರ ಬಿದ್ದಿರುವುದು ಸಾಮಾನ್ಯ. ಆರ್‌ಟಿಜಿಎಸ್ ಮೂಲಕ ಕಳಿಸಿದ ಹಣದ ಯುಟಿಆರ್, ಅಂದರೆ ಬ್ಯಾಂಕ್ ಕೊಡುವ ಗುರುತು ಸಂಖ್ಯೆ, 22 ಸ್ಥಾನಗಳದ್ದು. ಆಧಾರ್ 12 ಅಂಕಿ. ಪ್ಯಾನ್ 10 ಸ್ಥಾನ. ವ್ಯಕ್ತಿಯದಾದರೆ ನಾಲ್ಕನೆಯ ಅಕ್ಷರ P ಇರಲೇಬೇಕು.

4. ದಿನಾಂಕಗಳನ್ನು ಕಾಲಕ್ರಮದಲ್ಲಿ ಬರೆದುಕೊಳ್ಳಿ

ಬೇರೆ ಹಾಳೆಯೊಂದರಲ್ಲಿ ಪತ್ರದಲ್ಲಿರುವ ದಿನಾಂಕಗಳನ್ನೆಲ್ಲ ಹಳೆಯದರಿಂದ ಹೊಸದಕ್ಕೆ ಸಾಲಾಗಿ ಇಳಿಸಿ: ಮೂಲಪತ್ರ, ಕರಾರು, ಕಂತುಗಳು, ಕ್ರಯಪತ್ರ. ಒಂದೊಂದನ್ನೇ ನೋಡಿದಾಗ ಕಾಣದ ತಪ್ಪು ಸಾಲಿನಲ್ಲಿ ನಿಲ್ಲಿಸಿದಾಗ ಕಾಣುತ್ತದೆ. ಕರಾರು 12-06-2025ರದ್ದು ಎಂದಿಟ್ಟುಕೊಳ್ಳಿ. "ಕರಾರಿನ ದಿನವೇ ಮುಂಗಡ ಮುಟ್ಟಿದೆ" ಎಂಬ ವಾಕ್ಯವೂ ಇದೆ. ಮುಂಗಡದ ಚೆಕ್ಕಿನ ದಿನಾಂಕ ಮಾತ್ರ 21-06-2025 ಎಂದಿದೆ. ಎರಡರಲ್ಲಿ ಒಂದು ತಿರುವುಮುರುವಾಗಿದೆ. ಯಾವುದು ಎಂದು ಕರಡು ಹೇಳಲಾರದು, ಬ್ಯಾಂಕಿನ ವಿವರ ಹೇಳುತ್ತದೆ.

ಮೂಲಪತ್ರದ ನೋಂದಣಿ ಸಂಖ್ಯೆಯಲ್ಲಿ ಹಣಕಾಸು ವರ್ಷವೂ ಸೇರಿರುತ್ತದೆ. ಪತ್ರ 23-02-2013ರದ್ದಾಗಿದ್ದು ಸಂಖ್ಯೆಯ ಕೊನೆಯಲ್ಲಿ 2012-13 ಎಂದಿದ್ದರೆ ಸರಿ. 2013-14 ಎಂದಿದ್ದರೆ ಕೂಡಲೇ ತಪ್ಪು ಎನ್ನಬೇಡಿ. ಸಹಿಯಾದ ಪತ್ರವನ್ನು ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಲು ಅವಕಾಶವಿರುವುದರಿಂದ ಏಪ್ರಿಲ್ ನಂತರ ನೋಂದಣಿಯಾಗಿರಬಹುದು. ಮೂಲಪತ್ರದ ಹಿಂಬದಿಯ ಮೊಹರು ನೋಡಿದರೆ ತಿಳಿಯುತ್ತದೆ.

ಇನ್ನು ಕ್ರಯಪತ್ರದ ಸ್ವಂತ ದಿನಾಂಕ. ಗೊತ್ತುಪಡಿಸಿದ ದಿನ ಸರ್ವರ್ ಕೈಕೊಟ್ಟು ನೋಂದಣಿ ಮುಂದೆ ಹೋದರೆ, ಮೊದಲೇ ಅಚ್ಚಾದ ದಿನಾಂಕ ಹಾಗೇ ಉಳಿದುಬಿಡುತ್ತದೆ. ವಾರದ ಹೆಸರಿದ್ದರೆ ಪಂಚಾಂಗಕ್ಕೆ ಹೋಲಿಸಿ. ವಯಸ್ಸುಗಳನ್ನು ಪತ್ರದ ವರ್ಷದಿಂದ ಹುಟ್ಟಿದ ವರ್ಷ ಕಳೆದು ನೋಡಿ, ಅಷ್ಟು ಸಾಕು.

5. ಹೆಸರುಗಳು

ಉತ್ತರ ಕನ್ನಡ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ ನಮ್ಮಲ್ಲಿ ಇಂದಿಗೂ ನಡೆದಿದೆ. ಇದರ ಜೊತೆಗೆ ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿ ಸೇರಿದರೆ ಏನಾಗುತ್ತದೆ ನೋಡಿ. ಅಜ್ಜ ಗಣಪತಿ ರಾಮ ಹೆಗಡೆ, ಮಗ ರಾಮ ಗಣಪತಿ ಹೆಗಡೆ, ಮೊಮ್ಮಗ ಮತ್ತೆ ಗಣಪತಿ ರಾಮ ಹೆಗಡೆ. ಅಜ್ಜ ತೀರಿಹೋಗಿ ವಾರಸಾ ಖಾತೆ ಬದಲಾವಣೆ ಆಗದೆ ಉಳಿದಿದ್ದರೆ ಪಹಣಿಯ 9ನೇ ಕಾಲಮಿನಲ್ಲಿರುವುದು ಅಜ್ಜನ ಹೆಸರು, ಮಾರಲು ಬಂದಿರುವುದು ಮೊಮ್ಮಗ. ಅಕ್ಷರ ಅಕ್ಷರವೂ ಹೊಂದುತ್ತದೆ! ಹೆಸರು ಹೊಂದಿತೆಂದು ಇಲ್ಲಿ ಸಮಾಧಾನಪಡುವಂತಿಲ್ಲ. ಖಾತೆ ಬದಲಾವಣೆಯ ಸಂಖ್ಯೆ ಮತ್ತು ವರ್ಷ ನೋಡಿ. ಖಾತೆಯಾದ ವರ್ಷದಲ್ಲಿ ಎದುರಿಗೆ ಕುಳಿತವರು ಹುಟ್ಟಿಯೇ ಇರಲಿಲ್ಲವಾದರೆ ಅದು ಅವರ ಹೆಸರಲ್ಲ. ಇದು ಅಚ್ಚಿನ ತಪ್ಪಿಗಿಂತ ದೊಡ್ಡ ವಿಷಯ, ಸಹಿಯನ್ನು ನಿಲ್ಲಿಸಿ ವಕೀಲರನ್ನು ಕಾಣಬೇಕು.

ಅಡ್ಡಹೆಸರುಗಳಲ್ಲಿ ಹೆಗಡೆ ಮತ್ತು ಹೆಗ್ಡೆ, ಭಟ್ ಮತ್ತು ಭಟ್ಟ, ಶಾನಭಾಗ ಮತ್ತು ಶಾನಭಾಗ್ ಇವೆಲ್ಲ ಬರವಣಿಗೆಯ ವ್ಯತ್ಯಾಸ. ಕರಾವಳಿಯಲ್ಲಿ ನಾಯ್ಕ ಮತ್ತು ನಾಯಕ ಮಾತ್ರ ಹಾಗಲ್ಲ. ಅವು ಬೇರೆ ಬೇರೆ ಸಮುದಾಯದ ಅಡ್ಡಹೆಸರುಗಳು. ಅಂಕೋಲಾ, ಕುಮಟಾ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ಹೊರಗಿನಿಂದ ಬಂದ ಬೆರಳಚ್ಚುಗಾರರಿಗೆ ಹೇಳಬೇಕು. ಇಂಗ್ಲಿಷಿನಲ್ಲಿ Naik, Nayak ಎಂದು ಬರೆದುದನ್ನು ಕನ್ನಡಕ್ಕೆ ಮರಳಿಸುವಾಗ ತಪ್ಪು ನುಸುಳುತ್ತದೆ.

ಪಹಣಿಯಲ್ಲಿ ಒಂದು ರೂಪ, ಆಧಾರ್‌ನಲ್ಲಿ ಇನ್ನೊಂದು ರೂಪ ಇದ್ದರೆ ಯಾವುದನ್ನು ಬರೆಯಬೇಕು? ಪಹಣಿಯಲ್ಲಿರುವಂತೆ ಬರೆದು, "ಯಾನೆ" ಎಂದು ಹಾಕಿ ಆಧಾರ್‌ನ ರೂಪವನ್ನು ಸೇರಿಸುವುದು ನನ್ನ ಸಲಹೆ. ಮದುವೆಯ ನಂತರ ಹೆಸರು ಬದಲಾದ ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ಬಿಡಲೇಬಾರದು. ಘಟ್ಟದ ಹಲವು ಮನೆಗಳಲ್ಲಿ ಮೊದಲ ಹೆಸರೂ ಬದಲಾಗಿರುತ್ತದೆ. ತವರಿನ ಪಾಲುಪತ್ರದಲ್ಲಿರುವವರೂ ಈಗ ಸಹಿ ಹಾಕುತ್ತಿರುವವರೂ ಒಬ್ಬರೇ ಎಂದು ಪತ್ರವೇ ಹೇಳಬೇಕು. "ಬಿನ್" ಎಂದರೆ ಇಂಥವರ ಮಗ, "ಕೋಂ" ಎಂದರೆ ಇಂಥವರ ಹೆಂಡತಿ. ಹಳೆಯ ಕರಡಿನಿಂದ ಬಂದ "ಬಿನ್" ಹೆಂಗಸರ ಹೆಸರಿನ ಮುಂದೆ ಉಳಿದಿರುವುದುಂಟು.

6. ಪದಗಳು ಒಂದೇ ಹಾದಿಯಲ್ಲಿವೆಯೇ

ಈಗ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಲಕ್ಕೆ ಓದಿ. ಹುಡುಕಬೇಕಾದದ್ದು ಬೇರೆ ಪತ್ರದಿಂದ ಉಳಿದುಕೊಂಡ ಪದಗಳನ್ನು. ತೋಟದ ಪತ್ರದಲ್ಲಿ "ಸದರಿ ನಿವೇಶನ", ಒಬ್ಬರೇ ಮಾರುವಲ್ಲಿ "ನಾವುಗಳು", ಹಣ ಪಡೆದು ಮಾರುವಲ್ಲಿ ದಾನಪತ್ರದ "ಪ್ರೀತಿ ವಿಶ್ವಾಸದಿಂದ" ಸಿಗುತ್ತವೆ. "ಒಂದನೇ ಪಕ್ಷದವರು" ಎಂದರೆ ಮಾರುವವರು ಎಂದು ಆರಂಭದಲ್ಲಿ ಹೇಳಿ, ಮಧ್ಯದಲ್ಲಿ ಕೊಳ್ಳುವವರಿಗೆ ಅದೇ ಹೆಸರು ಬಂದಿದ್ದರೆ ಹಣ ಕೊಟ್ಟವರು ಯಾರು, ಪಡೆದವರು ಯಾರು ಎಂಬುದೇ ತಲೆಕೆಳಗಾಗುತ್ತದೆ.

ನಮ್ಮ ಕಡೆಯ ಒಂದು ಪದಕ್ಕೆ ವಿಶೇಷ ಗಮನ ಕೊಡಿ: ಬೆಟ್ಟ. ಬಾಗಾಯ್ತಕ್ಕೆ ಹೊಂದಿಕೊಂಡ ಸೊಪ್ಪಿನ ಬೆಟ್ಟದಲ್ಲಿ ತೋಟದವರಿಗಿರುವುದು ಸೊಪ್ಪು, ದರಕು ತರುವ ಸೌಲಭ್ಯ, ಜಮೀನು ಸರ್ಕಾರದ್ದು. ಷೆಡ್ಯೂಲ್‌ನಲ್ಲಿ ಬೆಟ್ಟದ ಕ್ಷೇತ್ರವನ್ನು ಮಾಲ್ಕಿ ತೋಟದ ಕ್ಷೇತ್ರಕ್ಕೆ ಕೂಡಿಸಿ ಒಟ್ಟು ಬರೆದಿದ್ದರೆ ಬೇರ್ಪಡಿಸಿಸಿ. ಒಂದು ಕಡೆ "ಬೆಟ್ಟದ ಸೌಲಭ್ಯ ಸಹಿತ", ಇನ್ನೊಂದು ಕಡೆ "ಬೆಟ್ಟ ಸಹಿತ ಸಂಪೂರ್ಣ ಮಾಲ್ಕಿ ಹಕ್ಕು" ಎಂದು ಇರಕೂಡದು. ತೋಟಕ್ಕೆ ಹೋಗುವ ದಾರಿ, ಅಬ್ಬಿ ನೀರಿನ ಹಕ್ಕು ಮಾತಿನಲ್ಲಿ ಸೇರಿದ್ದರೆ ಅಕ್ಷರದಲ್ಲೂ ಸೇರಿದೆಯೇ ನೋಡಿ.

7. ತಿದ್ದಿದ ಪ್ರತಿಯನ್ನು ಮತ್ತೆ ನೋಡಿ

ತಪ್ಪು ತೋರಿಸಿ ಬಂದಿರಿ, ತಿದ್ದಿದ ಅಚ್ಚು ಪ್ರತಿ ಕೈಗೆ ಬಂತು. ನೀವು ಹೇಳಿದ್ದನ್ನು ತಿದ್ದಿದ್ದಾರೆಯೇ ಎಂದಷ್ಟೇ ನೋಡಿ ಮುಗಿಸಬೇಡಿ. ಹಳೆಯ ಕಡತದಲ್ಲಿ ತಿದ್ದಿ, ಮೊದಲು ಸರಿಯಾಗಿದ್ದ ಬೇರೊಂದು ಅಂಕಿ ಮತ್ತೆ ತಪ್ಪಾಗಿ ಬಂದಿರಬಹುದು. ನುಡಿಯಲ್ಲಿ ಬೆರಳಚ್ಚು ಮಾಡಿ ಯೂನಿಕೋಡ್‌ಗೆ ಪರಿವರ್ತಿಸಿದ್ದರೆ ಒತ್ತಕ್ಷರ, ಅರ್ಕಾವತ್ತು ಸ್ಥಾನ ತಪ್ಪಿರುತ್ತವೆ. ಹೆಸರುಗಳಲ್ಲಿ ಇದು ದುಬಾರಿ. ಪುಟಸಂಖ್ಯೆ ಸರಿಯಿದೆಯೇ, ಖಾಲಿ ಬಿಟ್ಟ ಜಾಗಗಳೆಲ್ಲ ತುಂಬಿವೆಯೇ ನೋಡಿ.

ಸಹಿಯ ದಿನ ಕೈಯಿಂದ ತಿದ್ದಲೇಬೇಕಾದರೆ ತಪ್ಪಿನ ಮೇಲೆ ಒಂದೇ ಗೆರೆ ಎಳೆದು ಮೇಲೆ ಸರಿಯಾದದ್ದನ್ನು ಬರೆಯಬೇಕು, ಬಿಳಿ ಬಣ್ಣ ಬಳಿಯಬಾರದು. ಪತ್ರ ಬರೆದುಕೊಡುವವರು ಪ್ರತಿ ತಿದ್ದುಪಡಿಯ ಪಕ್ಕದಲ್ಲಿ ಸಹಿ ಹಾಕಬೇಕು. ನೋಂದಣಿ ಕಾಯ್ದೆಯ 20ನೇ ಕಲಮಿನಂತೆ, ಹೀಗೆ ದೃಢೀಕರಿಸದ ತಿದ್ದುಪಡಿ, ಅಳಿಸುವಿಕೆ, ಖಾಲಿ ಜಾಗ ಇರುವ ಪತ್ರವನ್ನು ಅಧಿಕಾರಿ ನಿರಾಕರಿಸಬಹುದು. ಕ್ಷೇತ್ರ, ಮೊತ್ತ, ಸರ್ವೆ ನಂಬರ್ ಈ ಮೂರನ್ನು ಕೈಯಿಂದ ತಿದ್ದಲು ನಾನಂತೂ ಒಪ್ಪುವುದಿಲ್ಲ. ಆ ಪುಟವನ್ನೇ ಮತ್ತೆ ಮುದ್ರಿಸಿ.

8. ಕಾವೇರಿ ತಂತ್ರಾಂಶದಲ್ಲಿ ತುಂಬಿದ್ದನ್ನೂ ನೋಡಿ

ಪತ್ರ ಒಂದು, ಕಾವೇರಿಯಲ್ಲಿ ಅರ್ಜಿಗಾಗಿ ತುಂಬುವ ವಿವರ ಇನ್ನೊಂದು. ಹೆಸರು, ಸರ್ವೆ ನಂಬರ್, ಕ್ಷೇತ್ರ, ಮೊತ್ತ ಅಲ್ಲಿ ಪ್ರತ್ಯೇಕವಾಗಿ ದಾಖಲಾಗುತ್ತವೆ. ಮುಂದೆ ಋಣಭಾರ ಪ್ರಮಾಣಪತ್ರದಲ್ಲಿ ಕಾಣುವುದು, ಖಾತೆ ಬದಲಾವಣೆಗಾಗಿ ಭೂಮಿ ವ್ಯವಸ್ಥೆಗೆ ಹೋಗುವುದು ಆ ವಿವರ. ಪತ್ರವನ್ನು ಎಷ್ಟೇ ಚೊಕ್ಕವಾಗಿ ತಿದ್ದಿದ್ದರೂ ಇಲ್ಲಿ ಹಿಸ್ಸೆ ತಪ್ಪಿದರೆ ಖಾತೆ ಬದಲಾವಣೆ ನಿಲ್ಲುತ್ತದೆ. ಅರ್ಜಿಯ ಸಾರಾಂಶವನ್ನು ಮುದ್ರಿಸಿ, ಪತ್ರದ ಪಕ್ಕದಲ್ಲಿಟ್ಟು ತಾಳೆ ನೋಡಿ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಭಾವಚಿತ್ರ, ಹೆಬ್ಬೆರಳ ಗುರುತು ತೆಗೆಯುವ ಮುನ್ನ ಪರದೆಯಲ್ಲಿ ಹೆಸರು ತೋರಿಸುವಂತೆ ಕೇಳಲು ಸಂಕೋಚಪಡಬೇಡಿ.

ನೋಂದಣಿಯಾದ ಮೇಲೆ ತಪ್ಪು ಕಂಡರೆ ತಿದ್ದುಪಡಿ ಪತ್ರ ಮಾಡಿಸಬೇಕು. ಅದನ್ನೂ ನೋಂದಾಯಿಸಬೇಕು, ಕ್ರಯಪತ್ರಕ್ಕೆ ಸಹಿ ಹಾಕಿದವರೆಲ್ಲ ಮತ್ತೆ ಬರಬೇಕು. ಮಾರಿದವರು ತೀರಿಹೋಗಿದ್ದರೆ ಅವರ ವಾರಸುದಾರರೆಲ್ಲರನ್ನೂ ಕೂಡಿಸಬೇಕು. ತಿದ್ದುಪಡಿ ಪತ್ರ ಇರುವುದು ಬರವಣಿಗೆಯ ತಪ್ಪಿಗೆ. ಮೂಲದಲ್ಲಿ ಮಾರದ ಹಿಸ್ಸೆಯನ್ನು ಅದರ ಮೂಲಕ ಸೇರಿಸಿಕೊಳ್ಳಲು ಬರುವುದಿಲ್ಲ. ನಮ್ಮ ಉದಾಹರಣೆಯ ಹಿಸ್ಸೆ 5 ಷೆಡ್ಯೂಲ್‌ನಿಂದ ಬಿಟ್ಟುಹೋಗಿದ್ದರೆ, ಆ 30 ಗುಂಟೆಗೆ ಮತ್ತೊಂದು ಕ್ರಯಪತ್ರವನ್ನೇ ಮಾಡಿಸಿಕೊಳ್ಳಬೇಕಾಗಬಹುದು, ಅದರ ಮುದ್ರಾಂಕ ಶುಲ್ಕ ಸಹಿತ.